ಮೊದಲು ಸ್ಲೈಡ್ ಕೇಳಬೇಡಿ, ತಾಲೀಮಿನ ಸಮಯ ಕೇಳಿ

ಪ್ರಶ್ನೆ: ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ನವೆಂಬರ್ 20 ಮತ್ತು 21ಕ್ಕೆ ನಮ್ಮಲ್ಲಿ ರಾಜ್ಯಮಟ್ಟದ ವಿಚಾರ ಸಂಕಿರಣ ಇದೆ. ನಾನೇ ಸಂಚಾಲಕಿ, ಇದೇ ಮೊದಲ ಸಲ. ಸ್ಲೈಡ್ ಕಳಿಸಿ, ತಾಂತ್ರಿಕ ತಾಲೀಮಿಗೆ ಸಮಯ ಗೊತ್ತುಮಾಡಿಕೊಳ್ಳಿ ಅಂತ 11 ಜನ ಸಂಪನ್ಮೂಲ ವ್ಯಕ್ತಿಗಳಿಗೂ ಎರಡು ಸಲ ಮೇಲ್ ಮಾಡಿದೆ. ಮೂವರ ಸ್ಲೈಡ್ ಬಂತು, ತಾಲೀಮಿಗೆ ಒಬ್ಬರೂ ಹೆಸರು ಕೊಟ್ಟಿಲ್ಲ. ದಿಕ್ಸೂಚಿ ಭಾಷಣ ಮಾಡುವವರು ನನ್ನ ಗುರುಗಳಿಗೇ ಗುರುಗಳು. ಇನ್ನೊಬ್ಬರು ನ್ಯೂಜೆರ್ಸಿಯಿಂದ ಆನ್‌ಲೈನ್‌ನಲ್ಲಿ ಮಾತಾಡುತ್ತಾರೆ. ಇನ್ನು ಮೂರು ವಾರ ಇದೆ. ಕಾಟ ಕೊಟ್ಟಂತೆ ಆಗದೆ ಮೂರನೇ ಸಲ ಹೇಗೆ ನೆನಪಿಸಲಿ?

ಉತ್ತರ: ನಿಮ್ಮ ಎರಡೂ ಮೇಲ್‌ಗಳಲ್ಲಿ ಸ್ಲೈಡ್ ಮೊದಲು, ತಾಲೀಮು ಆಮೇಲೆ ಬಂದಿದೆ. ಮೂರನೆಯದರಲ್ಲಿ ಈ ಕ್ರಮವನ್ನು ತಿರುಗಿಸಿ. ಸ್ಲೈಡ್ ಮಾಡುವುದು ಏನಿಲ್ಲವೆಂದರೂ ಎರಡು ದಿನದ ಕೆಲಸ, ಬಹಳ ಜನ ಅದನ್ನು ಬಸ್ಸು ಹತ್ತುವ ಹಿಂದಿನ ರಾತ್ರಿ ಮಾಡುತ್ತಾರೆ. ಮೂರು ವಾರ ಮೊದಲೇ ಅದನ್ನು ಕೇಳಿದರೆ, ಇನ್ನೂ ಮಾಡಿಲ್ಲವಲ್ಲ ಎನ್ನುವ ಮುಜುಗರಕ್ಕೆ ಅವರು ಉತ್ತರವನ್ನೇ ಬರೆಯುವುದಿಲ್ಲ. ಅದೇ ಮೇಲ್‌ನಲ್ಲಿರುವ ತಾಲೀಮಿನ ಮಾತೂ ಸ್ಲೈಡಿನ ಜೊತೆಗೇ ಪಕ್ಕಕ್ಕೆ ಹೋಗುತ್ತದೆ. ಸಮಯ ಗೊತ್ತುಮಾಡುವುದಾದರೆ ಅರ್ಧ ನಿಮಿಷದ ಕೆಲಸ. ‘ಬುಧವಾರ ಸಂಜೆ ನಾಲ್ಕೂಕಾಲು ಆಗಬಹುದೇ ಸರ್’ ಎಂದು ಕೇಳಿದರೆ ‘ಆಗಬಹುದಮ್ಮ’ ಎಂದೋ ‘ಬೇಡ, ಗುರುವಾರ’ ಎಂದೋ ಉತ್ತರ ಬಂದುಬಿಡುತ್ತದೆ. ಒಮ್ಮೆ ಸಮಯ ನಿಗದಿಯಾಯಿತೆಂದರೆ ಸ್ಲೈಡಿಗೆ ನೀವು ಬೇರೆ ಗಡುವು ಹಾಕಬೇಕಾಗಿಲ್ಲ. ಬುಧವಾರ ತೆರೆದು ನೋಡಬೇಕೆಂದರೆ ಮಂಗಳವಾರವೇ ಕೈಗೆ ಬರಬೇಕು ಎನ್ನುವುದು ಅವರಿಗೂ ಗೊತ್ತು.

ನೀವು ‘ಮೂವರ ಸ್ಲೈಡ್ ಬಂತು’ ಎಂದು ಬರೆದ ಸಾಲನ್ನು ಓದಿದಾಗ ನನಗೆ ನನ್ನದೇ ಒಂದು ದಿನ ನೆನಪಾಯಿತು. ಕೆಲವು ವರ್ಷಗಳ ಹಿಂದೆ ಕರಾವಳಿಯ ಒಂದು ಸಂಸ್ಥೆಯಲ್ಲಿ ಶಾಸನಗಳ ಬಗ್ಗೆ ಎರಡು ದಿನದ ಸಂಕಿರಣ ಇತ್ತು, ತಾಂತ್ರಿಕ ಹೊಣೆ ನನ್ನದು. ಹಿರಿಯ ವಿದ್ವಾಂಸರೊಬ್ಬರಿಗೆ ನಾಲ್ಕು ಸಲ ನೆನಪಿಸಿ ಸ್ಲೈಡ್ ತರಿಸಿಕೊಂಡಿದ್ದೆ. ಬಂದ ದಿನ ನನ್ನ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿ ನಿಶ್ಚಿಂತನಾದೆ. ಗೋಷ್ಠಿಯ ದಿನ ಅವರು ವೇದಿಕೆ ಹತ್ತಿ, ನಾನು ಕಡತ ತೆರೆದಾಗ, ಮೊದಲ ಪರದೆಯ ಮೇಲೆ ‘ಕನ್ನಡ’ ಎಂದು ಇರಬೇಕಾದ ಕಡೆ `PÀ£ÀßqÀ` ಎಂದು ಕಂಡಿತು. 38 ಸ್ಲೈಡುಗಳಲ್ಲೂ ಅದೇ ಕಥೆ. ಅವರು ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರಶೈಲಿಯಲ್ಲಿ ಬರೆದಿದ್ದರು, ಸಭಾಂಗಣದ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ಅವರು ಒಂದು ಕ್ಷಣ ಪರದೆ ನೋಡಿದರು, ನನ್ನ ಕಡೆ ನೋಡಿದರು, ‘ಇರಲಿ ಬಿಡಿ’ ಎಂದು ಕನ್ನಡಕ ತೆಗೆದಿಟ್ಟು ನೆನಪಿನಿಂದಲೇ ಮಾತಾಡಿದರು. ಶಾಸನದ ಸಾಲುಗಳನ್ನು ಜನ ಕಣ್ಣಾರೆ ನೋಡಲಿ ಎಂದು ವಾರಗಟ್ಟಲೆ ಕೂತು ಮಾಡಿದ ಸ್ಲೈಡುಗಳು ಅವು. ಕಡತ 12 ದಿನ ನನ್ನ ಇನ್‌ಬಾಕ್ಸಿನಲ್ಲೇ ಇತ್ತು. ಒಂದೇ ಒಂದು ಸಲ ಆ ಸಭಾಂಗಣದ ಯಂತ್ರದಲ್ಲಿ ತೆರೆದಿದ್ದರೆ ಸಾಕಿತ್ತು.

ಅಂದಿನಿಂದ ನನ್ನ ಪಟ್ಟಿಯಲ್ಲಿ ಎರಡು ಕಲಂ ಇರುತ್ತವೆ: ‘ಬಂದಿದೆ’ ಮತ್ತು ‘ಸಭಾಂಗಣದ ಯಂತ್ರದಲ್ಲಿ ತೆರೆದಿದೆ’. ಎರಡನೆಯದು ತುಂಬಿದರೆ ಮಾತ್ರ ಕೆಲಸ ಮುಗಿಯಿತೆಂದು ಲೆಕ್ಕ. ನಿಮ್ಮ ಪಟ್ಟಿಯಲ್ಲಿ ಈಗ ಬಂದಿರುವುದು ಮೂರು, ತೆರೆದಿರುವುದು ಸೊನ್ನೆ. ಆದ್ದರಿಂದ ನೀವು ನೆನಪಿಸಬೇಕಾದ್ದು ಎಂಟು ಜನರಿಗಲ್ಲ, ಹನ್ನೊಂದು ಜನರಿಗೂ.

ಬರೆಯಲು ಕೂರುವ ಮುಂಚೆ ನಿಮ್ಮ ಮೇಲ್‌ನ ಸ್ಪ್ಯಾಮ್ ಫೋಲ್ಡರ್ ಒಮ್ಮೆ ನೋಡಿ. ಜಿಮೇಲ್‌ನಲ್ಲಿ 25 ಎಂಬಿಗಿಂತ ದೊಡ್ಡ ಕಡತ ಲಗತ್ತಾಗುವುದಿಲ್ಲ, ತಾನಾಗಿ ಡ್ರೈವ್ ಲಿಂಕ್ ಆಗಿ ಹೋಗುತ್ತದೆ. ಆ ಲಿಂಕಿಗೆ `Anyone with the link` ಎಂಬ ಅನುಮತಿ ಇಲ್ಲದಿದ್ದರೆ ನಿಮಗೆ ಬಾಗಿಲು ತೆರೆಯದು, ಅವರಿಗೋ ಕಳಿಸಿಯಾಯಿತೆಂಬ ಸಮಾಧಾನ. ಕಳಿಸಿದವರಿಗೇ ‘ಇನ್ನೂ ಬಂದಿಲ್ಲ’ ಎಂದು ಬರೆದರೆ ಅವರಿಗೆ ನೋವಾಗುತ್ತದೆ, ಅದು ನ್ಯಾಯವೇ.

ಈಗ ದಿನಗಳ ಲೆಕ್ಕ. ಗೋಷ್ಠಿ ನವೆಂಬರ್ 20, ಶುಕ್ರವಾರ. ನಡುವೆ ದೀಪಾವಳಿ ಬರುತ್ತದೆ, ಆ ನಾಲ್ಕೈದು ದಿನ ಯಾರೂ ಮೇಲ್ ನೋಡುವುದಿಲ್ಲ ಎಂದೇ ಇಟ್ಟುಕೊಳ್ಳಿ. ಹಾಗಾಗಿ ಸಮಯ ಕೇಳುವ ಮೇಲ್ ನವೆಂಬರ್ 2ರ ಸೋಮವಾರ ಬೆಳಿಗ್ಗೆ ಹೋಗಲಿ. ಹಬ್ಬಕ್ಕೆ ಮೊದಲೇ ಅವರು ‘ಆಗಲಿ’ ಎಂದಿರುತ್ತಾರೆ, ಹಬ್ಬದ ಬಿಡುವಿನಲ್ಲಿ ಸ್ಲೈಡ್ ಮಾಡಿಕೊಳ್ಳುತ್ತಾರೆ. ತಾಲೀಮಿಗೆ ಮಂಗಳವಾರ 17 ಮತ್ತು ಬುಧವಾರ 18 ಇಟ್ಟುಕೊಳ್ಳಿ. ಒಬ್ಬರಿಗೆ 15 ನಿಮಿಷ ಸಾಕು. ದಿನಕ್ಕೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಎಂದರೆ ಎರಡು ದಿನಕ್ಕೆ 16 ಸರದಿ ಸಿಗುತ್ತದೆ. ಹನ್ನೊಂದು ಜನರಿಗೆ ಕೊಟ್ಟು ಐದು ಮಿಗುತ್ತದೆ, ಆ ಐದೂ ಬೇಕಾಗುತ್ತವೆ. ಗುರುವಾರ 19 ಖಾಲಿ ಇರಲಿ, ತಾಲೀಮಿನಲ್ಲಿ ಸಿಕ್ಕ ತೊಂದರೆ ಸರಿಪಡಿಸಲು ಒಂದು ದಿನ ಬೇಕು.

ಹಾವೇರಿಗೆ ಹೊರಗಿನಿಂದ ಬರುವವರು ಗುರುವಾರ ರಾತ್ರಿಯೋ ಶುಕ್ರವಾರ ಬೆಳಿಗ್ಗೆಯೋ ಇಳಿಯುತ್ತಾರೆ, ಮಂಗಳವಾರ ತಾಲೀಮಿಗೆ ಹೇಗೆ ಬರುತ್ತಾರೆ ಎಂದು ನೀವು ಕೇಳಬಹುದು. ಬರಬೇಕಾಗಿಲ್ಲ. ಅವರ ಕಡತವನ್ನು ನೀವು ಸಭಾಂಗಣದ ಕಂಪ್ಯೂಟರಿನಲ್ಲಿ ತೆರೆಯಿರಿ, ಪ್ರೊಜೆಕ್ಟರ್ ಹಚ್ಚಿ, ವಾಟ್ಸಾಪ್ ವಿಡಿಯೊ ಕರೆಯಲ್ಲಿ ಪರದೆ ತೋರಿಸಿ. ಅವರು ಮನೆಯಲ್ಲಿ ಕೂತೇ ‘ಹಾಂ, ಆ ನಕ್ಷೆ ಸರಿ ಇದೆ, ಮುಂದಕ್ಕೆ ಹೋಗಿ’ ಎನ್ನುತ್ತಾರೆ. ಫೋನನ್ನು ಸಭಾಂಗಣದ ಕೊನೆಯ ಸಾಲಿನಲ್ಲಿ ಹಿಡಿದು ತೋರಿಸುವುದು ನನ್ನ ರೂಢಿ. ಅಲ್ಲಿಂದ ಅಕ್ಷರ ಎಷ್ಟು ಸಣ್ಣದಾಗಿ ಕಾಣುತ್ತದೆ ಎಂದು ಅವರಿಗೇ ಗೊತ್ತಾಗುತ್ತದೆ, ನಾವು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮೈಕು, ಕ್ಲಿಕ್ಕರ್ ಕೈಗೆ ಕೊಡುವುದನ್ನು ಅವರ ಗೋಷ್ಠಿಗೆ ಹಿಂದಿನ ಚಹಾ ವಿರಾಮದಲ್ಲಿ ಮಾಡಿದರಾಯಿತು. ನಿಮ್ಮ ಹಿಂದಿನ ಮೇಲ್‌ಗಳಲ್ಲಿ ಬರೀ ‘ತಾಂತ್ರಿಕ ತಾಲೀಮು’ ಎಂದಿದ್ದರೆ, ಹಾವೇರಿಗೆ ಎರಡು ಸಲ ಪ್ರಯಾಣ ಮಾಡಬೇಕೇ ಎಂದು ಹಲವರು ಅಂದುಕೊಂಡಿರಬಹುದು. ಒಬ್ಬರೂ ಹೆಸರು ಕೊಡದಿರಲು ಅದೇ ಕಾರಣ ಇದ್ದೀತು.

ಇನ್ನು ಮೇಲ್. ಹನ್ನೊಂದು ಜನರಿಗೆ ಹನ್ನೊಂದು ಮೇಲ್, ಒಬ್ಬೊಬ್ಬರಿಗೂ ಅವರದೇ ಹೆಸರು, ಅವರದೇ ಸಮಯ. ‘ಎಲ್ಲ ಸಂಪನ್ಮೂಲ ವ್ಯಕ್ತಿಗಳ ಗಮನಕ್ಕೆ’ ಎಂದು ಶುರುವಾಗುವ ಮೇಲ್ ಓದಿದವರೆಲ್ಲ ಉಳಿದವರು ಉತ್ತರಿಸುತ್ತಾರೆ ಎಂದುಕೊಳ್ಳುತ್ತಾರೆ. ಹೆಸರು ತುಂಬಲು ಲಿಂಕ್ ಕೊಡುವುದು ಕಿರಿಯರಿಗೆ ನಡೆಯುತ್ತದೆ. 70 ದಾಟಿದವರು ಲಿಂಕ್ ಒತ್ತಿ, ಲಾಗಿನ್ ಕೇಳಿತೆಂದರೆ ಅಲ್ಲಿಗೇ ಬಿಡುತ್ತಾರೆ. ಅವರಿಗೆ ನೀವೇ ಒಂದು ಸಮಯ ಹಿಡಿದಿಟ್ಟು, ಬದಲಿಗೆ ಇನ್ನೊಂದನ್ನು ಹೇಳಿ. ನಿಮ್ಮ ದಿಕ್ಸೂಚಿ ಭಾಷಣಕಾರರಿಗೆ ನಾನಾದರೆ ಹೀಗೆ ಬರೆಯುತ್ತೇನೆ. ವಿಷಯದ ಸಾಲಿನಲ್ಲಿ: ‘ನ. 18 ಬುಧವಾರ ಸಂಜೆ 4:15: ನಿಮ್ಮ ಸ್ಲೈಡ್ ತೆರೆದು ನೋಡಲು 15 ನಿಮಿಷ’. ಒಳಗೆ:

‘ಪೂಜ್ಯ ಸರ್ ಅವರಿಗೆ, ನಮಸ್ಕಾರಗಳು.

ನ. 20ರ ಶುಕ್ರವಾರ ಬೆಳಿಗ್ಗೆ 10:30ಕ್ಕೆ ತಮ್ಮ ದಿಕ್ಸೂಚಿ ಭಾಷಣ. ತಮ್ಮ ಸ್ಲೈಡ್ ನಮ್ಮ ಸಭಾಂಗಣದ ಕಂಪ್ಯೂಟರಿನಲ್ಲಿ ಸರಿಯಾಗಿ ತೆರೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಲು ನ. 18ರ ಬುಧವಾರ ಸಂಜೆ 4:15ರಿಂದ 4:30ರ ಸಮಯವನ್ನು ತಮಗೆಂದು ಇಟ್ಟಿದ್ದೇನೆ. ತಾವು ಇಲ್ಲಿಗೆ ಬರಬೇಕಾಗಿಲ್ಲ. ನಾನೇ ವಾಟ್ಸಾಪ್ ವಿಡಿಯೊ ಕರೆ ಮಾಡಿ ಪರದೆ ತೋರಿಸುತ್ತೇನೆ. ಆ ಸಮಯ ಅನುಕೂಲವಿಲ್ಲದಿದ್ದರೆ ಮಂಗಳವಾರ ಬೆಳಿಗ್ಗೆ 10:30 ಕೂಡ ಇದೆ. ‘ಬುಧವಾರ’ ಅಥವಾ ‘ಮಂಗಳವಾರ’ ಎಂದು ಒಂದು ಮಾತು ಬರೆದರೆ ಸಾಕು.

ಅದರ ಹಿಂದಿನ ದಿನ ಸಂಜೆ 6ರೊಳಗೆ ಸ್ಲೈಡ್ ಸಿಕ್ಕರೆ ತೆರೆದಿಟ್ಟುಕೊಂಡಿರುತ್ತೇನೆ. ಪೂರ್ತಿ ಆಗಿರಬೇಕಾಗಿಲ್ಲ. ಕನ್ನಡ ಅಕ್ಷರ ಹೆಚ್ಚಿರುವ ಒಂದು, ದೊಡ್ಡ ಚಿತ್ರ ಇರುವ ಒಂದು, ವಿಡಿಯೊ ಇದ್ದರೆ ಅದು, ಇಷ್ಟು ಮೂರು ಸ್ಲೈಡ್ ಸಾಕು. ಉಳಿದದ್ದನ್ನು ತಾವು ಶುಕ್ರವಾರ ಪೆನ್‌ಡ್ರೈವ್‌ನಲ್ಲಿ ತರಬಹುದು. ಸ್ಲೈಡ್ ಇಲ್ಲದೆ ಮಾತಾಡುವ ಯೋಚನೆ ಇದ್ದರೆ ಅದನ್ನೂ ತಿಳಿಸಿ, ಮೈಕಿನ ವ್ಯವಸ್ಥೆ ಮಾತ್ರ ನೋಡಿಕೊಳ್ಳುತ್ತೇವೆ.’

ಕೆಳಗೆ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ. ಅಷ್ಟೇ. ವಸತಿ, ಪ್ರಯಾಣಭತ್ಯೆ, ಪರಿಚಯದ ಪ್ಯಾರಾ, ಫೋಟೊ, ಪ್ರಬಂಧದ ಪೂರ್ಣಪಾಠ, ಇವು ಯಾವುವನ್ನೂ ಇದೇ ಮೇಲ್‌ಗೆ ಸೇರಿಸಬೇಡಿ. ನಾಲ್ಕು ವಿಷಯ ಕೇಳಿದರೆ ನಾಲ್ಕೂ ಸಿದ್ಧವಾದ ಮೇಲೆ ಉತ್ತರಿಸೋಣ ಎಂದು ಮನಸ್ಸು ಮುಂದಕ್ಕೆ ಹಾಕುತ್ತದೆ.

ಇದರಲ್ಲಿ ಎರಡು ಮಾತನ್ನು ನಾನು ಬೇಕೆಂದೇ ಇಟ್ಟಿದ್ದೇನೆ. ಒಂದು, ಮೂರು ಸ್ಲೈಡ್ ಸಾಕು ಎನ್ನುವುದು. ತಾಲೀಮಿನಲ್ಲಿ ಕೈಕೊಡುವುದು ಅಕ್ಷರ, ವಿಡಿಯೊ, ಧ್ವನಿ, ಇವಿಷ್ಟೇ. ಇವು ಮೂರು ಸ್ಲೈಡಿನಲ್ಲಿ ಸರಿಯಾಗಿದ್ದರೆ ಮೂವತ್ತರಲ್ಲೂ ಸರಿಯಾಗಿರುತ್ತವೆ. ಸ್ಲೈಡ್ ಮುಗಿದಿಲ್ಲ ಎನ್ನುವ ಸಂಕೋಚ ಇದರಿಂದ ಹೋಗುತ್ತದೆ. ಇನ್ನೊಂದು, ಸ್ಲೈಡ್ ಇಲ್ಲದೆ ಮಾತಾಡುವುದಾದರೆ ತಿಳಿಸಿ ಎನ್ನುವುದು. ನಮ್ಮ ಹಿರಿಯ ವಿದ್ವಾಂಸರಲ್ಲಿ ಅನೇಕರು ಸ್ಲೈಡ್ ಬಳಸುವುದೇ ಇಲ್ಲ. ಎಲ್ಲರೂ ಸ್ಲೈಡ್ ಕೊಡಲೇಬೇಕು ಎನ್ನುವ ಧಾಟಿಯ ಮೇಲ್ ಬಂದಾಗ, ನನಗೆ ಅದು ಬರುವುದಿಲ್ಲ ಎಂದು ಹೇಳಿಕೊಳ್ಳಲಾರದೆ ಸುಮ್ಮನಾಗುತ್ತಾರೆ. ನಿಮ್ಮ ಎಂಟು ಜನರಲ್ಲಿ ಒಬ್ಬಿಬ್ಬರ ಮೌನಕ್ಕೆ ಇದೇ ಕಾರಣ ಆಗಿರಬಹುದು. ಆ ದಾರಿಯನ್ನು ನೀವೇ ತೆರೆದಿಡಿ.

ಬರೆಯಬಾರದ ಮಾತುಗಳೂ ಇವೆ. ‘ಈಗಾಗಲೇ ಎರಡು ಬಾರಿ ತಿಳಿಸಲಾಗಿದೆ’ ಎನ್ನುವುದು ಕಚೇರಿಯ ನೋಟಿಸಿನ ಭಾಷೆ. ‘ದಯವಿಟ್ಟು ಆದಷ್ಟು ಬೇಗ’ ಎನ್ನುವುದಕ್ಕೆ ಅರ್ಥವೇ ಇಲ್ಲ, ಒಬ್ಬರಿಗೆ ಬೇಗ ಎಂದರೆ ನಾಳೆ, ಇನ್ನೊಬ್ಬರಿಗೆ ಗೋಷ್ಠಿಯ ಹಿಂದಿನ ದಿನ. ವಾರ, ತಾರೀಖು, ಗಂಟೆ, ಮೂರನ್ನೂ ಬರೆಯಿರಿ.

ಸೋಮವಾರದ ಮೇಲ್‌ಗೆ ಗುರುವಾರದವರೆಗೂ ಉತ್ತರ ಬರದವರಿಗೆ ನಾಲ್ಕನೆಯ ಮೇಲ್ ಬೇಡ, ಫೋನ್ ಮಾಡಿ. ದಿಕ್ಸೂಚಿ ಭಾಷಣಕಾರರಿಗಂತೂ ಮೇಲ್ ಹೋದ ಮರುದಿನವೇ ಮಾಡಿ, ಬೆಳಿಗ್ಗೆ 10ರಿಂದ 11ರೊಳಗೆ. ಊಟದ ನಂತರದ ಹೊತ್ತು ಹಿರಿಯರಿಗೆ ವಿಶ್ರಾಂತಿಯದು. ‘ಸರ್, ನಮಸ್ಕಾರ, ಹಾವೇರಿಯಿಂದ ಮಾತಾಡ್ತಿದ್ದೀನಿ. ನಿಮ್ಮ ಭಾಷಣದ ದಿನ ಪರದೆ ಸರಿಯಾಗಿ ಕಾಣಲಿ ಅಂತ ಬುಧವಾರ ಸಂಜೆ ಕಾಲು ಗಂಟೆ ಇಟ್ಟಿದ್ದೀನಿ ಸರ್. ನಾನೇ ಫೋನ್ ಮಾಡ್ತೀನಿ, ನೀವು ಮನೆಯಲ್ಲೇ ನೋಡಬಹುದು. ಆಗುತ್ತಾ ಸರ್?’ ಇಷ್ಟು. ಆಮೇಲೆ ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: ‘ಸ್ಲೈಡ್ ಯಾರು ಮಾಡಿಕೊಡ್ತಿದ್ದಾರೆ ಸರ್, ಅವರ ನಂಬರ್ ಕೊಟ್ಟರೆ ನಾನೇ ಅವರ ಜೊತೆ ಮಾತಾಡ್ಕೋತೀನಿ.’ ಮಗಳೋ ಸಂಶೋಧನಾ ವಿದ್ಯಾರ್ಥಿಯೋ ಇರುತ್ತಾರೆ. ಅಲ್ಲಿಂದ ಮುಂದೆ ಕಡತ, ಫಾಂಟ್, ವಿಡಿಯೊ ಎಲ್ಲ ಅವರ ಜೊತೆಗೇ ನಡೆಯಲಿ, ಹಿರಿಯರ ತನಕ ಹೋಗಬೇಕಾಗಿಲ್ಲ. ಫೋನ್ ಇಟ್ಟ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: ‘ಬುಧವಾರ 18, ಸಂಜೆ 4:15. ಧನ್ಯವಾದ ಸರ್.’ ಬಾಯಲ್ಲಿ ಒಪ್ಪಿದ ಸಮಯ ಬರವಣಿಗೆಯಲ್ಲೂ ಇರಬೇಕು. ತಾಲೀಮಿನ ದಿನ ಬೆಳಿಗ್ಗೆ ಅದೇ ಸಂದೇಶದ ಕೆಳಗೆ ‘ಇಂದು ಸಂಜೆ 4:15ಕ್ಕೆ ಕರೆ ಮಾಡುತ್ತೇನೆ ಸರ್’ ಎಂದು ಹಾಕಿದರೆ ಅದೇ ಕೊನೆಯ ನೆನಪೋಲೆ.

ನ್ಯೂಜೆರ್ಸಿಯವರ ವಿಷಯದಲ್ಲಿ ಬೇರೊಂದು ಅಪಾಯ ಇದೆ, ಅದು ನಿಮ್ಮ ಕಣ್ಣಿಗೆ ಬಿದ್ದಿರಲಾರದು. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ಬೆಳಗಿನ ಜಾವ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2026ರಲ್ಲಿ ಅದು ನವೆಂಬರ್ 1, ಸರಿಯಾಗಿ ನಮ್ಮ ರಾಜ್ಯೋತ್ಸವದ ದಿನ. ಅಕ್ಟೋಬರಿನಲ್ಲಿ ನ್ಯೂಜೆರ್ಸಿಗಿಂತ ನಾವು ಒಂಬತ್ತೂವರೆ ಗಂಟೆ ಮುಂದಿದ್ದೆವು, ನವೆಂಬರ್ 1ರ ನಂತರ ಹತ್ತೂವರೆ ಗಂಟೆ. ಅವರ ಗೋಷ್ಠಿ ಸಂಜೆ 6:30ಕ್ಕೆ ಎಂದುಕೊಳ್ಳೋಣ. ಅಕ್ಟೋಬರಿನಲ್ಲಿ ನೀವು ಆಹ್ವಾನ ಕಳಿಸುವಾಗ ಲೆಕ್ಕ ಹಾಕಿ ‘ನಿಮ್ಮ ಬೆಳಿಗ್ಗೆ 9’ ಎಂದು ಬರೆದಿದ್ದರೆ, ಆ ದಿನಕ್ಕೆ ಅದು ಸರಿಯೇ. ನವೆಂಬರ್ 20ಕ್ಕೆ ಅದೇ ಸಂಜೆ 6:30 ಅವರಿಗೆ ಬೆಳಿಗ್ಗೆ 8. ನಿಮ್ಮ ಹಳೆಯ ಮೇಲ್ ನಂಬಿ ಅವರು 9ಕ್ಕೆ ಕೂತರೆ ಇಲ್ಲಿ ಏಳೂವರೆ ಆಗಿರುತ್ತದೆ, ಸಭಾಂಗಣದಲ್ಲಿ ಕುರ್ಚಿ ಮಡಚುತ್ತಿರುತ್ತಾರೆ.

ಹಾಗಾಗಿ ಅವರ ಮೇಲ್‌ನಲ್ಲಿ ಎರಡೂ ಊರಿನ ಸಮಯವನ್ನು ಹೊಸದಾಗಿ ಬರೆಯಿರಿ: ‘ತಾಲೀಮು: ನ. 17 ಮಂಗಳವಾರ, ಹಾವೇರಿಯಲ್ಲಿ ಸಂಜೆ 6:30, ನಿಮಗೆ ಬೆಳಿಗ್ಗೆ 8. ಗೋಷ್ಠಿಯೂ ಇದೇ ಗಂಟೆಗೆ, ನ. 20ರ ಶುಕ್ರವಾರ. ಅಲ್ಲಿ ಗಡಿಯಾರ ಬದಲಾಗಿರುವುದರಿಂದ ಅಕ್ಟೋಬರಿನ ಮೇಲ್‌ನಲ್ಲಿದ್ದ ಬೆಳಿಗ್ಗೆ 9 ಈಗ ಅನ್ವಯಿಸುವುದಿಲ್ಲ.’ ಕೊನೆಯ ವಾಕ್ಯ ಬಿಡಬೇಡಿ. ಇದೊಂದು ಸರದಿ ನಿಮ್ಮ ಸಂಜೆಯ ಗಂಟೆಯಿಂದ ಹೊರಗೆ ಬೀಳುತ್ತದೆ, ಆದರೂ ತಾಲೀಮನ್ನು ಗೋಷ್ಠಿಯ ಗಂಟೆಗೇ ಇಡುವುದರಲ್ಲಿ ಲಾಭ ಇದೆ. ಅವರು ಅದೇ ಹೊತ್ತಿಗೆ ಏಳುವುದು, ಅದೇ ಕೋಣೆಯ ಬೆಳಕು, ನಿಮ್ಮ ಕಾಲೇಜಿನ ಇಂಟರ್ನೆಟ್ ಆ ಹೊತ್ತಿನಲ್ಲಿ ಹೇಗಿರುತ್ತದೆ ಎನ್ನುವುದು, ಎಲ್ಲವೂ ಒಟ್ಟಿಗೆ ಪರೀಕ್ಷೆಯಾಗುತ್ತದೆ.

ಅವರಿಂದಲೂ ಸ್ಲೈಡ್ ತರಿಸಿಕೊಳ್ಳಿ. ಆನ್‌ಲೈನ್‌ನಲ್ಲಿ ಅವರೇ ಪರದೆ ಹಂಚುತ್ತಾರೆ, ನಮಗೇಕೆ ಕಡತ ಎಂದು ಬಿಡುವವರೇ ಹೆಚ್ಚು. ಸಂಪರ್ಕ ದುರ್ಬಲವಾದಾಗ ಮೊದಲು ಕೆಡುವುದು ಹಂಚಿದ ಪರದೆ ಮತ್ತು ಮುಖದ ಚಿತ್ರ, ಧ್ವನಿಗೆ ಬೇಕಾದ ಡೇಟಾ ತುಂಬಾ ಕಡಿಮೆ. ಕಡತ ನಿಮ್ಮಲ್ಲಿದ್ದರೆ, ಅವರು ಬರೀ ಧ್ವನಿಯಲ್ಲಿ ಮಾತಾಡಿ ‘ಮುಂದಿನದು’ ಎಂದಾಗ ನೀವು ಇಲ್ಲಿ ಸ್ಲೈಡ್ ತಿರುಗಿಸಬಹುದು. ಮೇಲ್‌ನಲ್ಲಿ ಈ ಕಾರಣವನ್ನು ಹೇಳಿಯೇ ಕೇಳಿ, ತಕ್ಷಣ ಕಳಿಸುತ್ತಾರೆ. ಅವರ ಸ್ಲೈಡಿನಲ್ಲಿ ವಿಡಿಯೊ ಇದ್ದರೆ ಝೂಮ್‌ನಲ್ಲಿ ಪರದೆ ಹಂಚುವಾಗ `Share sound` ಎಂಬುದಕ್ಕೆ ಗುರುತು ಹಾಕಬೇಕು. ಹಾಕದಿದ್ದರೆ ಚಿತ್ರ ಓಡುತ್ತದೆ, ಸದ್ದು ಬರುವುದಿಲ್ಲ. ಅವರಿಗೆ ಅವರ ಸ್ಪೀಕರಿನಲ್ಲಿ ಕೇಳಿಸುತ್ತಲೇ ಇರುವುದರಿಂದ ತಪ್ಪು ಗೊತ್ತಾಗುವುದಿಲ್ಲ.

ಈಗ ಆ 15 ನಿಮಿಷದಲ್ಲಿ ಏನು ನೋಡಬೇಕು ಎನ್ನುವುದು. ಇದು ನಿಮಗೆ ಗೊತ್ತಿದ್ದರೆ ಮಾತ್ರ ಮೇಲ್‌ನಲ್ಲಿ ಏನು ಕೇಳಬೇಕೆಂದು ತಿಳಿಯುತ್ತದೆ.

ಮೊದಲು ಅಕ್ಷರ. ಇತಿಹಾಸ, ಸಾಹಿತ್ಯದ ಸಂಕಿರಣಗಳಲ್ಲಿ ನಾನು ಕಂಡ ತೊಂದರೆಗಳಲ್ಲಿ ಇದೇ ಅತಿ ದೊಡ್ಡದು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರ ನಿಜವಾಗಿ ಕಂಪ್ಯೂಟರಿನಲ್ಲಿ ಕನ್ನಡವಾಗಿ ಉಳಿದಿರುವುದಿಲ್ಲ. ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಸಂಕೇತಕ್ಕೆ ಕನ್ನಡದ ಚಿತ್ರ ತೊಡಿಸಿರುತ್ತಾರೆ. ಫಾಂಟ್ ಇಲ್ಲದ ಯಂತ್ರದಲ್ಲಿ ಆ ಚಿತ್ರ ಕಳಚಿ ಕೆಳಗಿನ `PÀ£ÀßqÀ` ಹೊರಬೀಳುತ್ತದೆ. ಯೂನಿಕೋಡಿನಲ್ಲಿ ಬರೆದಿದ್ದರೆ ವಿಂಡೋಸ್‌ನಲ್ಲಿ ಮೊದಲೇ ಇರುವ ನಿರ್ಮಲಾ ಫಾಂಟಿನಲ್ಲಾದರೂ ಓದಲು ಬರುತ್ತದೆ, ಹೆಚ್ಚೆಂದರೆ ಸಾಲು ಆಚೀಚೆ ಆದೀತು. ಯಾವುದರಲ್ಲಿ ಬರೆದಿದ್ದಾರೆಂದು ತಿಳಿಯುವುದು ಸುಲಭ: ಸ್ಲೈಡಿನಿಂದ ಒಂದು ಪದ ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಲು ಹೇಳಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ವಿಚಿತ್ರ ಅಕ್ಷರ ಬಂದರೆ ಆಸ್ಕಿ.

ಆಸ್ಕಿ ಆಗಿದ್ದರೆ ಅವರ ಯಂತ್ರದಲ್ಲೇ ಪಿಡಿಎಫ್ ಮಾಡಿಸಿ, ಮೂಲ ಕಡತದ ಜೊತೆಗೆ ಅದನ್ನೂ ಕಳಿಸಲು ಹೇಳಿ. ಅವರ ಯಂತ್ರದಲ್ಲೇ ಎಂಬುದನ್ನು ಒತ್ತಿ ಹೇಳುತ್ತೇನೆ. ಫಾಂಟ್ ಇರುವುದು ಅಲ್ಲಿ. ನೀವು ಇಲ್ಲಿ ಮಾಡಿದರೆ ಕೆಟ್ಟ ಅಕ್ಷರವೇ ಪಿಡಿಎಫ್‌ಗೆ ಇಳಿಯುತ್ತದೆ. ಪಿಡಿಎಫ್‌ನಲ್ಲಿ ವಿಡಿಯೊ, ಚಲನೆ ಇರುವುದಿಲ್ಲ, ಅಕ್ಷರ ಮಾತ್ರ ಇದ್ದ ಹಾಗೇ ಇರುತ್ತದೆ. ವಿಡಿಯೊ ಬೇಕೇಬೇಕು ಎಂದರೆ ಅದೇ ಫಾಂಟನ್ನು ಸಭಾಂಗಣದ ಯಂತ್ರದಲ್ಲಿ ಹಾಕಿಸಿ. ಪವರ್‌ಪಾಯಿಂಟಿನಲ್ಲಿ `File > Options > Save` ಒಳಗೆ `Embed fonts in the file` ಎಂಬ ಆಯ್ಕೆಯೂ ಇದೆ, ಆದರೆ ಕೆಲವು ಫಾಂಟುಗಳು ಅದಕ್ಕೆ ಒಪ್ಪುವುದಿಲ್ಲ, ಅದನ್ನೇ ನಂಬಿ ಕೂರಬೇಡಿ. ಆಸ್ಕಿಯನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳಿವೆ. ಶಾಸನದ ಪಾಠ, ಹಳಗನ್ನಡ ಪದ್ಯ ಇರುವ ಕಡೆ ಕೊನೆಯ ಗಳಿಗೆಯಲ್ಲಿ ಆ ಸಾಹಸ ಬೇಡ. ಒತ್ತಕ್ಷರ, ಅರ್ಕಾವತ್ತು ಎಲ್ಲೋ ಒಂದು ಕಡೆ ತಪ್ಪಿದರೆ ಪಾಠವೇ ಬದಲಾಗುತ್ತದೆ, ಆ ತಪ್ಪು ವಿದ್ವಾಂಸರ ಹೆಸರಿಗೆ ಹೋಗುತ್ತದೆ.

ಆಮೇಲೆ ವಿಡಿಯೊ. ಕಡತ ಬಂದ ಕೂಡಲೇ ಅದರ ಗಾತ್ರ ನೋಡಿ. ಎರಡು ವಿಡಿಯೊ ಇದೆ ಎಂದು ಹೇಳಿ ಕಳಿಸಿದ ಕಡತ ಬರೀ 3 ಎಂಬಿ ಇದ್ದರೆ, ವಿಡಿಯೊ ಅದರೊಳಗೆ ಇಲ್ಲ. ಅವರ ಕಂಪ್ಯೂಟರಿನ ಯಾವುದೋ ಫೋಲ್ಡರಿಗೋ ಯೂಟ್ಯೂಬಿಗೋ ಕೊಂಡಿ ಇರುತ್ತದೆ. ಅವರಲ್ಲಿ ಚೆನ್ನಾಗಿ ಓಡುತ್ತದೆ, ನಿಮ್ಮಲ್ಲಿ ಕಪ್ಪು ಚೌಕ. ವಿಡಿಯೊ ಕಡತಗಳನ್ನು ಬೇರೆಯಾಗಿ ಕಳಿಸಲು ಕೇಳಿ, ನೀವೇ ಸ್ಲೈಡಿಗೆ ಸೇರಿಸಿ, ತಾಲೀಮಿನಲ್ಲಿ ಪೂರ್ತಿ ಓಡಿಸಿ.

ಅದರ ಬೆನ್ನಿಗೇ ಧ್ವನಿ. ಎಚ್‌ಡಿಎಂಐ ತಂತಿಯಲ್ಲಿ ಪ್ರೊಜೆಕ್ಟರ್ ಜೋಡಿಸಿದಾಗ ಕಂಪ್ಯೂಟರ್ ಎಷ್ಟೋ ಸಲ ಧ್ವನಿಯನ್ನೂ ಪ್ರೊಜೆಕ್ಟರ್ ಕಡೆಗೇ ತಿರುಗಿಸುತ್ತದೆ. ಸಭಾಂಗಣದ ಆಂಪ್ಲಿಫೈಯರಿಗೆ ಏನೂ ಹೋಗುವುದಿಲ್ಲ. ವಿಡಿಯೊ ಓಡಿ ಸದ್ದು ಬರದಿದ್ದರೆ ಮೊದಲು ಪರದೆಯ ಕೆಳಗಿನ ಸ್ಪೀಕರ್ ಗುರುತು ಒತ್ತಿ, ಧ್ವನಿ ಎಲ್ಲಿಗೆ ಹೋಗುತ್ತಿದೆ ನೋಡಿ. ನಿಮ್ಮ ಮೈಕ್‌ಸೆಟ್ಟಿನವರಿಗೂ ಆ ಎರಡು ದಿನ ಸಂಜೆ ಬರಲು ಈಗಲೇ ಹೇಳಿಡಿ. ಗೋಷ್ಠಿಯ ದಿನ ಬೆಳಿಗ್ಗೆ ಮಾತ್ರ ಬರುತ್ತಾರೆಂದರೆ ಈ ಪರೀಕ್ಷೆ ನಡೆಯುವುದೇ ಇಲ್ಲ.

ಪರದೆಯ ಅಗಲ ಎತ್ತರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಹಳೆಯ 4:3 ಸ್ಲೈಡು 16:9 ಪರದೆಯಲ್ಲಿ ಬಂದರೆ ಎರಡು ಬದಿ ಕಪ್ಪು ಪಟ್ಟಿ ಉಳಿಯುತ್ತದೆ, ಅಷ್ಟೇ.

ನೋಡಿ ಮುಗಿಸಿದ ಕೂಡಲೇ ಕಡತವನ್ನು ಸಭಾಂಗಣದ ಯಂತ್ರದಲ್ಲಿ ದಿನ, ಸರದಿ, ಹೆಸರು ಬರುವ ಹಾಗೆ ಇಟ್ಟು, ಒಂದು ಪೆನ್‌ಡ್ರೈವ್‌ಗೂ ಹಾಕಿ. ಭಾಷಣಕಾರರಿಗೆ ಎರಡು ಸಾಲು ಬರೆಯಿರಿ: ‘ಸರ್, ಎಲ್ಲ ಸ್ಲೈಡ್ ಸರಿಯಾಗಿ ತೆರೆಯಿತು. 14ನೆಯದರ ವಿಡಿಯೊಗೆ ಸದ್ದು ಬರುತ್ತಿದೆ. ಇನ್ನು ಬದಲಾವಣೆ ಇದ್ದರೆ ಗುರುವಾರ ಸಂಜೆ 6ರೊಳಗೆ ಕಳಿಸಿ, ಅದರ ನಂತರದ್ದನ್ನು ಪೆನ್‌ಡ್ರೈವ್‌ನಲ್ಲಿ ತನ್ನಿ.’ ಈ ಮೇಲ್ ಬಹಳ ಜನ ಬರೆಯುವುದಿಲ್ಲ. ಬರೆಯದಿದ್ದರೆ ಭಾಷಣಕಾರರು ರಾತ್ರಿ ಹನ್ನೊಂದಕ್ಕೆ ಹೊಸ ಕಡತ ಕಳಿಸುತ್ತಾರೆ, ಬೆಳಿಗ್ಗೆ ಯಾವುದು ಹೊಸದು ಯಾವುದು ಹಳೆಯದು ಎಂದು ನೀವು ಹುಡುಕುತ್ತಿರುತ್ತೀರಿ.

ಈ ಎಲ್ಲದರ ನಂತರವೂ ಒಬ್ಬರೋ ಇಬ್ಬರೋ ಮೇಲ್‌ಗೂ ಫೋನ್‌ಗೂ ಸಿಗದೆ ಉಳಿಯುತ್ತಾರೆ. ಅವರನ್ನು ಸಂಕಿರಣಕ್ಕೆ ಒಪ್ಪಿಸಿದ್ದು ಯಾರು ಎಂದು ನೋಡಿ, ಆ ಸ್ನೇಹಿತರಿಂದ ಒಂದು ಮಾತು ಹೇಳಿಸಿ. ಅದಕ್ಕೂ ಆಗದಿದ್ದರೆ ನವೆಂಬರ್ 18ಕ್ಕೆ ನೆನಪಿಸುವುದನ್ನು ನಿಲ್ಲಿಸಿ, ಒಂದು ಸಂದೇಶ ಮಾತ್ರ ಕಳಿಸಿ: ‘ಸರ್, ಶುಕ್ರವಾರ ಬೆಳಿಗ್ಗೆ 9:15ರಿಂದ 9:45ರವರೆಗೆ ವೇದಿಕೆಯ ಎಡಗಡೆ ಕಂಪ್ಯೂಟರ್ ಹತ್ತಿರ ನಮ್ಮ ವಿದ್ಯಾರ್ಥಿಯೊಬ್ಬರು ಇರುತ್ತಾರೆ. ಪೆನ್‌ಡ್ರೈವ್ ಅವರ ಕೈಗೆ ಕೊಡಿ. ಪಿಡಿಎಫ್ ಕೂಡ ಹಾಕಿಕೊಂಡು ಬಂದರೆ ಒಳ್ಳೆಯದು.’ ಆ ಗೋಷ್ಠಿಯ ಅಧ್ಯಕ್ಷರಿಗೂ ಇದನ್ನು ತಿಳಿಸಿಡಿ, ಬೇಕಾದರೆ ಅವರ ಸರದಿಯನ್ನು ಎರಡನೆಯದಕ್ಕೆ ಸರಿಸಲು ಒಪ್ಪಿಗೆ ಪಡೆಯಿರಿ. ಆ ಅರ್ಧ ಗಂಟೆ ಕಂಪ್ಯೂಟರ್ ಬಿಟ್ಟು ಏಳದಂಥ ಹುಡುಗನನ್ನೋ ಹುಡುಗಿಯನ್ನೋ ಈಗಲೇ ಗೊತ್ತುಮಾಡಿ, ಸ್ವಾಗತದ ಹಾರ ತರಲು ಅವರನ್ನು ಕಳಿಸಬೇಡಿ.